ದಣಿದ ಎಂಜಿನಿಯರ್ ಬರೆಯುವ ರಜೆ ಅರ್ಜಿ

ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದರೆ ಉದ್ಯಮಬಾಗ, ಪೀರನವಾಡಿ, ಮಚ್ಛೆ ಒಂದರ ಹಿಂದೊಂದು ಬರುತ್ತವೆ. ಎರಕದ ಕಾರ್ಖಾನೆಗಳಿಗೆ ಹೆಸರಾದ ಪ್ರದೇಶವಿದು. ಇಂಥ ಫೌಂಡ್ರಿಯೊಂದರಲ್ಲಿ ಇಪ್ಪತ್ತು ವರ್ಷ ದುಡಿದ ಹಿರಿಯ ಎಂಜಿನಿಯರ್ ನೀವು ಎಂದಿಟ್ಟುಕೊಳ್ಳಿ. ರಾತ್ರಿ ಪಾಳಿಯಲ್ಲಿ ಕುಲುಮೆ ಕೆಟ್ಟರೆ ಫೋನು ಬರುವುದು ನಿಮಗೇ. ಬೆಳಗಿನ ಮೂರಕ್ಕೆ ತಾನಾಗಿ ಎಚ್ಚರವಾಗುತ್ತದೆ. ಕಿರಿಯರ ಮೇಲೆ ಕಾರಣವಿಲ್ಲದೆ ರೇಗುತ್ತೀರಿ. ಮೂರು ತಿಂಗಳ ರಜೆ ಬೇಕೆನಿಸುತ್ತದೆ, ಆದರೆ ‘ದಣಿದಿದ್ದೇನೆ’ ಎಂದು ಬರೆಯಲು ಸಂಕೋಚ. ಆಗ ‘ಹೊಸ ವಿದ್ಯೆ ಕಲಿತು ಬರುತ್ತೇನೆ, ಕಂಪನಿಗೆ ಲಾಭವಾಗುತ್ತದೆ’ ಎಂದು ಅರ್ಜಿ ಬರೆಯುತ್ತೀರಿ. ಈ ಅರ್ಜಿ ತಪ್ಪಲ್ಲ. ಆದರೆ ಮೂರೂ ತಿಂಗಳನ್ನು ಕಲಿಕೆಯಿಂದಲೇ ತುಂಬಿದರೆ ಅದು ರಜೆಯಾಗಿ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಈ ಬಗೆಯ ಬಳಲಿಕೆಯನ್ನು ಕಾಯಿಲೆ ಎನ್ನದೆ, ಕೆಲಸದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿತು. ಅದಕ್ಕೆ ಮೂರು ಗುರುತು: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದ ಕೆಲಸ ಸರಿಯಾಗಿ ಆಗುತ್ತಿಲ್ಲವೆಂಬ ಭಾವನೆ. ಅರ್ಜಿ ಬರೆಯುವ ಮೊದಲು ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ. ಜೋರಾಗಿ ಗೊರಕೆ ಹೊಡೆದು ಹಗಲಲ್ಲಿ ತೂಕಡಿಸುವವರು ಅದನ್ನೂ ವೈದ್ಯರಿಗೆ ಹೇಳಬೇಕು. ಹಬ್ಬ, ಊಟ, ಮಕ್ಕಳು ಯಾವುದರಲ್ಲೂ ಸಂತೋಷವಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಬೇಕಾದುದು ಚಿಕಿತ್ಸೆ, ಅದೂ ತಡಮಾಡದೆ. ರಜೆಯೊಂದೇ ಸಾಲದು.

ದೀರ್ಘ ರಜೆಯ ಫಲವನ್ನು ಅಳೆದವರಿದ್ದಾರೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ರಜೆಯ ಮೇಲಿದ್ದ 129 ಅಧ್ಯಾಪಕರನ್ನು, ಕೆಲಸದಲ್ಲೇ ಇದ್ದ ಅಷ್ಟೇ ಮಂದಿಯೊಂದಿಗೆ ಹೋಲಿಸಿ ನೋಡಿತು. ರಜೆಯಲ್ಲಿದ್ದವರು ಚೇತರಿಸಿಕೊಂಡರು, ಉಳಿದವರಲ್ಲಿ ಬದಲಾವಣೆ ಕಾಣಲಿಲ್ಲ. ಹೆಚ್ಚು ಚೇತರಿಸಿಕೊಂಡವರು ಯಾರು? ಕೆಲಸದಿಂದ ಮನಸ್ಸನ್ನು ನಿಜವಾಗಿ ಬಿಡಿಸಿಕೊಂಡವರು, ತಮ್ಮ ಸಮಯ ತಮ್ಮ ಹಿಡಿತದಲ್ಲಿದೆ ಎಂದವರು. ಅಧ್ಯಾಪಕರ ಬದುಕು ಫೌಂಡ್ರಿಯ ಬದುಕಲ್ಲ, ನಿಜ. ಆದರೂ ಮನೆಯಲ್ಲಿ ಕುಳಿತು ದಿನಕ್ಕೆ ಹತ್ತು ಸಲ ಕಾರ್ಖಾನೆಯ ಫೋನಿಗೆ ಉತ್ತರಿಸುವವನಿಗೆ ರಜೆ ಹತ್ತುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಹಾಗಾದರೆ ಹನ್ನೆರಡು ವಾರವನ್ನು ಹೀಗೆ ಹಂಚಿ. ಮೊದಲ ಮೂರು ವಾರ ಏನೂ ಇಲ್ಲ. ನಿದ್ದೆ, ನಡಿಗೆ, ಊರು. ಮುಂದಿನ ಏಳು ವಾರ ಕಲಿಕೆ, ಅದೂ ಹಗಲಲ್ಲಿ ಮಾತ್ರ. ಕೊನೆಯ ಎರಡು ವಾರ ಕಲಿತದ್ದನ್ನು ಬರೆದಿಡಲು. ಮೊದಲ ಮೂರು ವಾರವನ್ನು ಮುಚ್ಚಿಡದೆ ‘ವಿಶ್ರಾಂತಿ’ ಎಂದೇ ಬರೆಯಿರಿ.

ಕಲಿಕೆಯ ವಿಷಯ ಒಂದೇ ಇರಲಿ. ಉದಾಹರಣೆಗೆ, ಕರಗಿದ ಲೋಹ ಅಚ್ಚಿನೊಳಗೆ ಹೇಗೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ಕಂಡುಕೊಳ್ಳುವ ವಿಧಾನ. ದಪ್ಪ ಭಾಗ ಕೊನೆಗೆ ತಣಿದು ಕುಗ್ಗುವಾಗ, ಅದಕ್ಕೆ ಲೋಹ ಉಣಿಸುವ ರೈಸರ್ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ. ಅಂಥ ಪೊಳ್ಳಿನಿಂದ ತಿರಸ್ಕೃತವಾಗುವ ನಿಮ್ಮದೇ ಕಾರ್ಖಾನೆಯ ಮೂರು ಎರಕಗಳನ್ನು ಕಲಿಕೆಗೆ ಒಯ್ಯುವುದಾಗಿ ಹೇಳಿ. ಲೆಕ್ಕವನ್ನೂ ಕೊಡಿ. ತಿಂಗಳಿಗೆ 300 ಟನ್ ಎರಕದಲ್ಲಿ ನೂರಕ್ಕೆ 6ರಂತೆ 18 ಟನ್ ತಿರಸ್ಕೃತವಾಗುತ್ತದೆ, ಅದರಲ್ಲಿ ಅರ್ಧ ಈ ಪೊಳ್ಳಿನಿಂದ ಎಂದುಕೊಳ್ಳೋಣ. ಆ 9 ಟನ್ನಿನಲ್ಲಿ ಮೂರನೇ ಒಂದು ಪಾಲು ತಪ್ಪಿದರೆ ವರ್ಷಕ್ಕೆ 36 ಟನ್. ತಿರಸ್ಕೃತ ಕಬ್ಬಿಣ ಮತ್ತೆ ಕುಲುಮೆಗೆ ಹೋಗುತ್ತದೆ, ಆದರೆ ಟನ್ನಿಗೆ ಸುಮಾರು 600 ಯೂನಿಟ್ ವಿದ್ಯುತ್ ಎರಡನೇ ಸಲ ಸುಡುತ್ತದೆ. ಅಂದರೆ ವರ್ಷಕ್ಕೆ 21,600 ಯೂನಿಟ್, ಮೇಲೆ ಅಚ್ಚಿನ ಕೂಲಿ ಬೇರೆ. ಇದಕ್ಕಿಂತ ಹೆಚ್ಚಿನ ಭರವಸೆ ಕೊಡಬೇಡಿ. ತಿರಸ್ಕಾರ ಪೂರ್ತಿ ನಿಲ್ಲಿಸುತ್ತೇನೆಂದು ಬರೆದವನು ಮರಳಿದ ಮೊದಲ ದಿನದಿಂದಲೇ ಆ ಮಾತಿನ ಭಾರ ಹೊತ್ತು ಮತ್ತೆ ನಿದ್ದೆಗೆಡುತ್ತಾನೆ.

ಕೇಂದ್ರ ಸರ್ಕಾರಿ ನೌಕರರ 1972ರ ರಜಾ ನಿಯಮಗಳಲ್ಲಿ ಅಧ್ಯಯನ ರಜೆಗೆ ಒಂದು ಮಾದರಿ ಇದೆ. ಓದು ತನ್ನ ಕೆಲಸಕ್ಕೆ ನೇರವಾಗಿ ಸಂಬಂಧಿಸಿರಬೇಕು, ಮರಳಿ ಬಂದು ನಿಗದಿತ ಕಾಲ ಸೇವೆ ಸಲ್ಲಿಸುತ್ತೇನೆಂದು ಬಾಂಡ್ ಬರೆದುಕೊಡಬೇಕು. ಖಾಸಗಿ ಮಾಲೀಕರಿಗೂ ಇರುವ ಭಯ ಅದೇ: ಕಲಿತವನು ಪುಣೆಗೋ ಕೊಲ್ಹಾಪುರಕ್ಕೋ ಹಾರಿಹೋದರೆ? ಒಂದು ವರ್ಷದ ಮಾತು ಕೊಡುವುದು ನ್ಯಾಯ. ಬದಲಿಗೆ ನೀವೂ ಎರಡು ಮಾತು ಬರೆಸಿಕೊಳ್ಳಿ. ಹೊರಡುವ ನಾಲ್ಕು ವಾರ ಮೊದಲೇ ಕಿರಿಯರೊಬ್ಬರು ನಿಮ್ಮ ಪಕ್ಕದಲ್ಲಿ ನಿಂತು ಕೆಲಸ ತಿಳಿದುಕೊಳ್ಳಬೇಕು. ಮರಳಿದ ಮೇಲೂ ರಾತ್ರಿಯ ಫೋನು ವಾರಕ್ಕೆ ಮೂರು ದಿನ ಅವರಿಗೇ ಹೋಗಬೇಕು.