ಎರಡು ಥಂಬ್‌ನೇಲ್‌ನಲ್ಲಿ ಗೆದ್ದದ್ದು ಯಾವುದು?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದ್ರೆ ಶಾಂತಿಸಾಗರದ ಮೇಲೆ ನೀವು ಹನ್ನೆರಡು ನಿಮಿಷದ ಯೂಟ್ಯೂಬ್ ವಿಡಿಯೊ ಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಥಂಬ್‌ನೇಲ್ ಎರಡು ರೆಡಿ ಇದೆ. ಒಂದರಲ್ಲಿ ತುಂಬಿದ ಕೆರೆ, ಸುತ್ತ ಗುಡ್ಡ, ಮೇಲೆ ಎರಡೇ ಪದ. ಇನ್ನೊಂದರಲ್ಲಿ ಬಾಯಿ ತೆರೆದ ನಿಮ್ಮ ಮುಖ, ಕೆಂಪು ಬಾಣ, "ಈ ಕೆರೆಯ ರಹಸ್ಯ!" ಅನ್ನೋ ದಪ್ಪಕ್ಷರ. ಮನೆಯವರು ಮೊದಲನೇದು ಚೆನ್ನಾಗಿದೆ ಅಂತಾರೆ, ಗೆಳೆಯರು ಎರಡನೇದಕ್ಕೇ ಕ್ಲಿಕ್ ಬೀಳೋದು ಅಂತಾರೆ. ಯಾರ ಮಾತು ಕೇಳೋದು?

ತುಂಬಾ ಜನ ಮಾಡೋದು ಹೀಗೆ: ಮೂರು ದಿನ ಒಂದು ಹಾಕಿ, ಆಮೇಲೆ ಮೂರು ದಿನ ಇನ್ನೊಂದು ಹಾಕಿ, ಯಾವಾಗ ಜಾಸ್ತಿ ವ್ಯೂ ಬಂತು ಅಂತ ನೋಡೋದು. ಇದು ಸರಿಯಾದ ಹೋಲಿಕೆ ಅಲ್ಲ. ಮೊದಲ ಮೂರು ದಿನ ಬರೋರು ಹೆಚ್ಚಾಗಿ ನಿಮ್ಮ ಸಬ್‌ಸ್ಕ್ರೈಬರ್‌ಗಳು, ಊರಿನವರು. ಆಮೇಲೆ ಬರೋರು ನಿಮ್ಮ ಹೆಸರೇ ಕೇಳದವರು. ನಡುವೆ ಒಂದು ಭಾನುವಾರ ಬಂದ್ರೂ ಲೆಕ್ಕ ತಪ್ಪುತ್ತೆ. ನೀವು ಥಂಬ್‌ನೇಲ್ ಬದಲಾಯಿಸಿದಾಗ ನೋಡುವ ಜನವೂ ಬದಲಾಗಿರ್ತಾರೆ.

ಯೂಟ್ಯೂಬ್‌ನಲ್ಲೇ ಇರೋ ಪರೀಕ್ಷೆ ಈ ತೊಂದರೆ ತಪ್ಪಿಸುತ್ತೆ. ಒಂದೇ ಸಮಯದಲ್ಲಿ ಕೆಲವರಿಗೆ ಒಂದು, ಕೆಲವರಿಗೆ ಇನ್ನೊಂದು ಚಿತ್ರ ತೋರಿಸುತ್ತೆ. 2024ರಲ್ಲಿ ಇದು ಥಂಬ್‌ನೇಲ್‌ಗೆ ವ್ಯಾಪಕವಾಗಿ ಬಂತು, ಆಮೇಲೆ ಶೀರ್ಷಿಕೆಗೂ ಬಂತು. ಮೂರರವರೆಗೆ ಆಯ್ಕೆ ಕೊಡಬಹುದು. ಪರೀಕ್ಷೆ ಇಡೋದು ಫೋನ್ ಆ್ಯಪ್‌ನಲ್ಲಲ್ಲ, ಕಂಪ್ಯೂಟರ್‌ನಲ್ಲಿ: studio.youtube.com ತೆರೆದು, ವಿಡಿಯೊದ ವಿವರಗಳ ಪುಟದಲ್ಲಿ A/B Testing ಆಯ್ಕೆ ಮಾಡಬೇಕು. ಹಳೇ ಹೆಸರು Test & compare. ಅದು ಕಾಣದಿದ್ದರೆ ಚಾನೆಲ್‌ಗೆ Advanced features ಇನ್ನೂ ಸಿಕ್ಕಿಲ್ಲವೇನೋ ನೋಡಿ. ಶಾರ್ಟ್ಸ್‌ಗೆ ಈ ಸೌಲಭ್ಯ ಇಲ್ಲ.

ಇಡುವಾಗ ಎರಡು ವಿಷಯ ಗಮನದಲ್ಲಿರಲಿ. ಎಲ್ಲ ಚಿತ್ರಗಳೂ 1280×720 ಇರಲಿ. ಒಂದು ಚಿಕ್ಕದಿದ್ದರೂ ಎಲ್ಲವನ್ನೂ ಕಡಿಮೆ ಗುಣಮಟ್ಟಕ್ಕೆ ಇಳಿಸಿಬಿಡುತ್ತೆ. ಇನ್ನೊಂದು, ಚಿತ್ರವನ್ನೂ ಶೀರ್ಷಿಕೆಯನ್ನೂ ಒಟ್ಟಿಗೆ ಬದಲಾಯಿಸಿದರೆ ಗೆದ್ದದ್ದು ಯಾವುದರಿಂದ ಅಂತ ಗೊತ್ತಾಗಲ್ಲ. ಈ ಸಲ ಚಿತ್ರ ಮಾತ್ರ ಪರೀಕ್ಷೆ ಮಾಡಿ. "ಸೂಳೆಕೆರೆ" ಅಂತ ಬರೆಯೋದಾ, "ಶಾಂತಿಸಾಗರ" ಅಂತಾನಾ ಅನ್ನೋ ಪ್ರಶ್ನೆಗೆ ಬೇರೆ ಪರೀಕ್ಷೆ ಇಡಿ.

ಈಗ ಮುಖ್ಯ ವಿಷಯ. ಫಲಿತಾಂಶದಲ್ಲಿ ಕಾಣೋ ಅಂಕಿ ಕ್ಲಿಕ್‌ನದ್ದಲ್ಲ. ಅದರ ಹೆಸರು Watch time share. ಒಟ್ಟು ನೋಡಿದ ಸಮಯದಲ್ಲಿ ಯಾವ ಥಂಬ್‌ನೇಲ್‌ನ ಪಾಲು ಎಷ್ಟು ಅಂತ ಅದು ಹೇಳುತ್ತೆ. ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ಎರಡೂ ಚಿತ್ರ ತಲಾ 10,000 ಸಲ ಜನರ ಕಣ್ಣಿಗೆ ಬಿತ್ತು. ಕೆರೆಯ ಚಿತ್ರಕ್ಕೆ 400 ಜನ ಕ್ಲಿಕ್ ಮಾಡಿದ್ರು, ಒಬ್ಬೊಬ್ಬರು ಸರಾಸರಿ 5 ನಿಮಿಷ ನೋಡಿದ್ರು. ಒಟ್ಟು 2,000 ನಿಮಿಷ. ಬಾಣದ ಚಿತ್ರಕ್ಕೆ 600 ಜನ ಕ್ಲಿಕ್ ಮಾಡಿದ್ರು. ಆದ್ರೆ ರಹಸ್ಯ ಬೇಗ ಬರ್ಲಿಲ್ಲ ಅಂತ ಸರಾಸರಿ 3 ನಿಮಿಷಕ್ಕೇ ಎದ್ದು ಹೋದ್ರು. ಒಟ್ಟು 1,800 ನಿಮಿಷ. ಕೆರೆಯ ಪಾಲು ಶೇ 52.6, ಬಾಣದ ಪಾಲು ಶೇ 47.4. ಕ್ಲಿಕ್‌ನಲ್ಲಿ ಒಂದೂವರೆ ಪಟ್ಟು ಮುಂದಿದ್ದ ಚಿತ್ರ ಇಲ್ಲಿ ಹಿಂದೆ ಬಿತ್ತು. ಮನೆಯವರೂ ಗೆಳೆಯರೂ ಇಬ್ಬರೂ ಸರಿಯೇ ಹೇಳಿದ್ರು. ಅವರು ಅಳೆದದ್ದು ಬೇರೆ ಬೇರೆ.

ಹಾಗಾದ್ರೆ 52.6 ಅಂದ್ರೆ ಗೆದ್ದಂತೆಯೇ? ಇನ್ನೂ ಇಲ್ಲ. ಅದೇ ಲೆಕ್ಕವನ್ನ ಸಣ್ಣ ಚಾನೆಲ್‌ಗೆ ತನ್ನಿ. ತಲಾ 1,000 ಸಲ ಮಾತ್ರ ಕಂಡಿದ್ದರೆ ಕೆರೆಗೆ 40 ಜನ, 200 ನಿಮಿಷ. ಬಾಣಕ್ಕೆ 60 ಜನ, 180 ನಿಮಿಷ. ಪಾಲು ಅದೇ. ಆದ್ರೆ ಬಾಣದ ಕಡೆಯಿಂದ ಬಂದವರಲ್ಲಿ ಐದು ಜನ ಅಡುಗೆ ಮಾಡ್ತಾ ವಿಡಿಯೊ ಪೂರ್ತಿ ಓಡಲು ಬಿಟ್ಟರೆ, 3 ನಿಮಿಷದ ಬದಲು 12 ಆಯ್ತು. ಒಟ್ಟು 45 ನಿಮಿಷ ಸೇರಿ 225 ಆಯ್ತು. ಫಲಿತಾಂಶ ತಲೆಕೆಳಗು! ಐದು ಜನರಿಂದ ಅಡಿಮೇಲಾಗುವ ಗೆಲುವನ್ನ ಗೆಲುವು ಅನ್ನೋಕಾಗಲ್ಲ.

ಅದಕ್ಕೇ ಶೇಕಡಾವಾರು ನೋಡೋ ಮೊದಲು ಅದರ ಜೊತೆಗಿರೋ ಪದ ಓದಿ. Winner ಅಂತ ಇದ್ದರೆ, ವ್ಯತ್ಯಾಸ ಕಾಕತಾಳೀಯ ಅಲ್ಲ ಅಂತ ನಂಬುವಷ್ಟು ಮಾಹಿತಿ ಸಿಕ್ಕಿದೆ ಅಂತ ಅರ್ಥ. Performed same ಅಂದ್ರೆ ಸಾಕಷ್ಟು ಜನ ನೋಡಿದ್ರು, ಆದ್ರೆ ಎರಡೂ ಹೆಚ್ಚುಕಮ್ಮಿ ಒಂದೇ. Inconclusive ಅಂದ್ರೆ ತೀರ್ಮಾನಕ್ಕೆ ಬರುವಷ್ಟು ಮಾಹಿತಿ ಇಲ್ಲ. ಕೊನೆಯ ಎರಡನ್ನ ಒಂದೇ ಅಂತ ತಿಳಿಯಬೇಡಿ. ಒಂದು "ವ್ಯತ್ಯಾಸ ಇಲ್ಲ" ಅನ್ನುತ್ತೆ, ಇನ್ನೊಂದು "ಗೊತ್ತಾಗ್ತಿಲ್ಲ" ಅನ್ನುತ್ತೆ.

ಪರೀಕ್ಷೆ ಎರಡು ವಾರದವರೆಗೆ ನಡೆಯುತ್ತೆ. ಎರಡನೇ ದಿನವೇ ಒಂದು ಕಡೆ 58 ಕಂಡಿತು ಅಂತ ನಿಲ್ಲಿಸಿದರೆ, ಮೇಲಿನ ಐದು ಜನರ ಆಟಕ್ಕೇ ಸಿಕ್ಕಿಬೀಳ್ತೀರಿ. ಸ್ಪಷ್ಟ ಗೆಲುವು ಇಲ್ಲದಿದ್ದರೆ ನೀವು ಮೊದಲು ಹಾಕಿದ ಚಿತ್ರವೇ ಉಳಿಯುತ್ತೆ. ಆದ್ದರಿಂದ ಮೊದಲ ಜಾಗಕ್ಕೆ ನಿಮಗೆ ಒಪ್ಪಿಗೆಯಾದ ಚಿತ್ರವನ್ನೇ ಹಾಕಿ.

ಸಣ್ಣ ಚಾನೆಲ್‌ನವರು ಏನ್ಮಾಡೋದು? ಹೊಸ ವಿಡಿಯೊಗಿಂತ, ಹಳೆಯದಾದರೂ ದಿನಾ ಜನ ಬರೋ ವಿಡಿಯೊ ಆರಿಸಿ. ಹೊನ್ನಾಳಿ, ನ್ಯಾಮತಿ ಕಡೆಯವರು ಮೆಕ್ಕೆಜೋಳದ ಸೈನಿಕ ಹುಳುವಿನ ಮೇಲೆ ವಿಡಿಯೊ ಮಾಡಿದ್ದರೆ, ಮುಂಗಾರು ಬಿತ್ತನೆ ಆದಮೇಲೆ ರೈತರು ಮತ್ತೆ ಅದನ್ನ ಹುಡುಕ್ತಾರೆ. ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದೇ ಪಕ್ಕದ ಶಿವಮೊಗ್ಗದಲ್ಲಿ, 2018ರಲ್ಲಿ. ಪರೀಕ್ಷೆಯನ್ನ ಆ ವಾರಗಳಲ್ಲಿ ಇಡಿ. ಚಿತ್ರಗಳೂ ನಿಜವಾಗಿ ಬೇರೆ ಇರಲಿ: ಒಂದರಲ್ಲಿ ಸುಳಿಯೊಳಗಿನ ಹುಳು ಹತ್ತಿರದಿಂದ, ಇನ್ನೊಂದರಲ್ಲಿ ತೂತುಬಿದ್ದ ಎಲೆಗಳ ಇಡೀ ಸಾಲು. ಅಕ್ಷರದ ಬಣ್ಣ ಹಳದಿಯೋ ಬಿಳಿಯೋ ಅನ್ನೋದನ್ನ ಪರೀಕ್ಷಿಸಿದರೆ ಸಣ್ಣ ಚಾನೆಲ್‌ಗೆ Winner ಸಿಗೋದು ಕಷ್ಟ. ಅಷ್ಟು ಸಣ್ಣ ವ್ಯತ್ಯಾಸ ಹಿಡಿಯೋಕೆ ತುಂಬಾ ಜನ ನೋಡಬೇಕು.

ಮತ್ತೂ Inconclusive ಬಂದ್ರೆ, ವಿಡಿಯೊ ಒಳಗೆ ಇರೋದನ್ನ ಸರಿಯಾಗಿ ಹೇಳೋ ಚಿತ್ರ ಉಳಿಸಿಕೊಳ್ಳಿ. ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಇದೆ. ನಾಲ್ಕು ಪುಟ್ಟ ಕೊಂಬಿನ, ನಾಚಿಕೆಯ ಪ್ರಾಣಿ. ಅದರ ಬದಲು ಕವಲು ಕೊಂಬಿನ ದೊಡ್ಡ ಜಿಂಕೆ ಹಾಕಿದರೆ ಕ್ಲಿಕ್ ಬರಬಹುದು, ಆದ್ರೆ ಬಂದವರು ಅರ್ಧ ನಿಮಿಷಕ್ಕೇ ಹೋಗ್ತಾರೆ. ಆ ಅರ್ಧ ನಿಮಿಷ Watch time share ಲೆಕ್ಕಕ್ಕೆ ಸೇರುತ್ತೆ.