ಉಸಿರು ಬಿಗಿ ಹಿಡಿದರೆ ಸಾಲದು

ಕೊಟ್ಟೂರು ಜಾತ್ರೆಯಲ್ಲಿ ಬಲೂನಿಗೆ ಗುರಿ ಹೊಡೆಯುವ ಅಂಗಡಿ ಕಂಡರೆ ನನ್ನ ಕಾಲು ಮುಂದೆ ಹೋಗುವುದಿಲ್ಲ. ಅಲ್ಲಿ ಎಲ್ಲರೂ ಹೇಳುವ ಮಾತು ಒಂದೇ: "ಉಸಿರು ಬಿಗಿ ಹಿಡಿ, ಹೊಡಿ." ಬಲೂನೇನೋ ಒಡೆಯುತ್ತದೆ. ನಡುವೆ ತಗುಲಿದರೂ ಅಂಚಿಗೆ ತಗುಲಿದರೂ ಅದಕ್ಕೆ ಒಂದೇ.

ಕಳೆದ ವರ್ಷ ಎನ್‌ಸಿಸಿ ಶಿಬಿರದಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದು ಮಲಗಿದಾಗಲೂ ಅದೇ ಬುದ್ಧಿ ಓಡಿಸಿದೆ. ಸಿಕ್ಕಿದ್ದು ಐದೇ ಗುಂಡು. ಟಾರ್ಗೆಟ್ ಕಾಗದ ತಂದು ನೋಡಿದರೆ ಐದು ತೂತುಗಳೂ ಮೇಲಿಂದ ಕೆಳಕ್ಕೆ ಏಣಿಯ ಹಾಗೆ ನಿಂತಿದ್ದವು. ಕಲಿಸುತ್ತಿದ್ದ ಹವಾಲ್ದಾರರು ಬೈಯಲಿಲ್ಲ. "ನಿನ್ನ ಉಸಿರು ಕಾಗದದ ಮೇಲೆ ಕಾಣ್ತದೆ ನೋಡು" ಎಂದರು.

ಉಸಿರು ಹಿಡಿದಿದ್ದೆನಲ್ಲ, ಮತ್ತೆ ಹೇಗೆ? ತಪ್ಪು ಅಲ್ಲೇ ಇತ್ತು. ಒಮ್ಮೆ ಎದೆ ತುಂಬಿಕೊಂಡು ಹಿಡಿದಿದ್ದೆ, ಒಮ್ಮೆ ಅರ್ಧಕ್ಕೆ. ಮಲಗಿ ಹೊಡೆಯುವಾಗ ಎದೆ ಉಬ್ಬಿದರೆ ಭುಜ ಏರುತ್ತದೆ, ನಳಿಗೆಯ ತುದಿ ಇಳಿಯುತ್ತದೆ. ಉಸಿರು ಬಿಟ್ಟರೆ ತುದಿ ಮೇಲೇಳುತ್ತದೆ. ಪ್ರತಿ ಸಲ ಬೇರೆ ಬೇರೆ ಹಂತದಲ್ಲಿ ನಿಲ್ಲಿಸಿದರೆ ಏಣಿಯಲ್ಲದೆ ಇನ್ನೇನು ಬಂದೀತು? ಪಳಗಿದವರು ಸಹಜವಾಗಿ ಉಸಿರು ಬಿಟ್ಟು, ಮುಂದಿನದನ್ನು ಎಳೆದುಕೊಳ್ಳುವ ಮೊದಲಿನ ಆ ಸಣ್ಣ ಬಿಡುವನ್ನು ಕೆಲವು ಸೆಕೆಂಡು ಉದ್ದ ಮಾಡುತ್ತಾರೆ. ಅಷ್ಟರಲ್ಲಿ ಗುಂಡು ಹೋಗದಿದ್ದರೆ ರೈಫಲ್ ಇಳಿಸಿ ಮತ್ತೆ ಮೊದಲಿನಿಂದ ಶುರು. ಹಟ ಹಿಡಿದು ಹತ್ತು ಸೆಕೆಂಡು ದಾಟಿದರೆ ಕಣ್ಣು ಮಂಜಾಗುತ್ತದೆ, ಕೈ ನಡುಗುತ್ತದೆ. ನಾನು ಇಳಿಸಲಿಲ್ಲ. ಹಿಂದೆ ಸಾಲಿನಲ್ಲಿ ಹುಡುಗರು ಕಾಯುತ್ತಿದ್ದರು, ನಾಚಿಕೆ.

ಇಷ್ಟು ಸೂಕ್ಷ್ಮ ಯಾಕೆಂದು ಅಂಕದ ಲೆಕ್ಕ ನೋಡಿದರೆ ತಿಳಿಯುತ್ತದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಗುರುತೆಂದರೆ ಅರ್ಧ ಮಿಲಿಮೀಟರ್ ಚುಕ್ಕೆ. ಹಾರಿಸುವ ಪೆಲೆಟ್ಟೇ 4.5 ಮಿ.ಮೀ. ಅಗಲ. ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ. ಆದರೆ ಈಗ ಆ ಹತ್ತನ್ನೂ ಒಡೆದು 10.0 ರಿಂದ 10.9 ರವರೆಗೆ ಎಣಿಸುತ್ತಾರೆ. ನಡುವಿನಿಂದ ಕಾಲು ಮಿಲಿಮೀಟರ್ ಸರಿದಂತೆಲ್ಲ 0.1 ಅಂಕ ಹೋಗುತ್ತದೆ. ಭುಜಕ್ಕೆ ಆನಿಸಿದ ಸುಮಾರು ಒಂದು ಮೀಟರ್ ಉದ್ದದ ರೈಫಲ್‌ನ ತುದಿ ಕಾಲು ಮಿಲಿಮೀಟರ್ ಅಲುಗಿದರೆ, ಹತ್ತು ಮೀಟರ್ ಆಚೆ ಅದು ಎರಡೂವರೆ ಮಿಲಿಮೀಟರ್. ಅಂದರೆ ಹೆಚ್ಚುಕಡಿಮೆ ಪೂರ್ತಿ ಒಂದು ಅಂಕ.

ತುದಿಯನ್ನು ಅಷ್ಟು ಅಲುಗಿಸಲು ಎದೆಬಡಿತವೇ ಸಾಕು. ಪ್ರತಿ ಬಡಿತದಲ್ಲೂ ರಕ್ತ ನುಗ್ಗಿ ಮೈ ಸಣ್ಣಗೆ ಅದುರುತ್ತದೆ. ಮಲಗಿ ಹೊಡೆಯುವವರು ತೋಳಿಗೆ ಪಟ್ಟಿ ಬಿಗಿದಿರುತ್ತಾರೆ. ತೋಳಿನ ನಾಡಿ ಪಟ್ಟಿಯ ಮೂಲಕ ರೈಫಲ್‌ಗೆ ದಾಟಿ, ಗುರಿ ತಾಳ ಹಾಕಿದಂತೆ ಕುಣಿಯುತ್ತದೆ. ನಿಮಿಷಕ್ಕೆ 60 ಬಡಿತವಿದ್ದರೆ ಎರಡರ ನಡುವೆ ಒಂದು ಸೆಕೆಂಡು ಸಿಗುತ್ತದೆ, 120 ಆದರೆ ಅರ್ಧವೇ. ಎದೆಯನ್ನು ನಿಲ್ಲಿಸಲು ಯಾರಿಂದಲೂ ಆಗದು. ಓಟದಿಂದ, ನಿಧಾನದ ಉಸಿರಿನಿಂದ ಬಡಿತ ತಗ್ಗಿಸಿ, ನಡುವಿನ ಬಿಡುವಿನಲ್ಲಿ ಟ್ರಿಗರ್ ಒತ್ತುವುದನ್ನು ರೂಢಿ ಮಾಡಿಕೊಳ್ಳಬೇಕು. ಇದಕ್ಕೆ ಅಡ್ಡದಾರಿಯೂ ಇದೆ: ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ. 2008 ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಅವರ ಎರಡು ಪಿಸ್ತೂಲ್ ಪದಕಗಳು ವಾಪಸಾದದ್ದು ಇದೇ ಮಾತ್ರೆಯಿಂದ. ಸ್ನಾಯು ಬೆಳೆಸುವ ಮದ್ದು ಕೇಳಿದ್ದೆವು. ಎದೆ ಮೆಲ್ಲಗೆ ಬಡಿಯಲೆಂದು ಕದ್ದು ಮದ್ದು ತಿನ್ನುವ ಆಟವೂ ಇದೆ!

ಪಿಸ್ತೂಲಿನಲ್ಲಿ ಹತ್ತರ ವೃತ್ತ 11.5 ಮಿ.ಮೀ. ಅಗಲ. ದೊಡ್ಡದೇ ಅನಿಸಬಹುದು, ಆದರೆ ಅದನ್ನು ಒಂದೇ ಕೈ ಚಾಚಿ ಹೊಡೆಯಬೇಕು. ಅರ್ಹತಾ ಸುತ್ತಿನಲ್ಲಿ 60 ಗುಂಡು, ದಶಾಂಶವಿಲ್ಲ. ಸಮವಾದರೆ ಹತ್ತರೊಳಗಿನ 5 ಮಿ.ಮೀ. ವೃತ್ತಕ್ಕೆ ಬಿದ್ದವುಗಳನ್ನು ಎಣಿಸುತ್ತಾರೆ. 2023 ರಲ್ಲಿ ಬಾಕು ವಿಶ್ವಕಪ್‌ನಲ್ಲಿ ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಜೊತೆ ಮಿಶ್ರ ತಂಡದ ಚಿನ್ನ ಗೆದ್ದ ಸರಬ್ಜೋತ್ ಸಿಂಗ್, 2024 ರ ಪ್ಯಾರಿಸ್‌ನಲ್ಲಿ 577 ಅಂಕ ಪಡೆದರು. ಎಂಟನೆಯವರದೂ 577. ಅವರ ಒಳವೃತ್ತದ ಗುಂಡು 17, ಸರಬ್ಜೋತ್ ಅವರವು 16. ಫೈನಲ್‌ಗೆ ಎಂಟೇ ಜನ. ಸರಬ್ಜೋತ್ ಒಂಬತ್ತನೆಯವರಾಗಿ ಹೊರಗುಳಿದರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ನಮ್ಮ ಕಾಲೇಜಿನ ಕೆಡೆಟ್‌ಗಳನ್ನು ಐದು ಗುಂಡಿಗಾಗಿ ನೇರವಾಗಿ ಶಿಬಿರಕ್ಕೆ ಕಳಿಸಿ, ಅಲ್ಲೇ ಕಲಿಯಲಿ ಎನ್ನುವುದು ಸರಿಯಲ್ಲ. ಕವಾಯತು ಮುಗಿದ ಮೇಲೆ ಹದಿನೈದು ನಿಮಿಷ ಗುಂಡಿಲ್ಲದ ರೈಫಲ್ ಹಿಡಿದು ಮಲಗಿಸಿ. ರೈಫಲ್ ಇಲ್ಲದಿದ್ದರೆ ಕೋಲಾದರೂ ಆದೀತು. ಗೋಡೆಯ ಮೇಲೆ ಸುಣ್ಣದ ಚುಕ್ಕೆ ಇಟ್ಟು, ಉಸಿರಿನೊಂದಿಗೆ ತುದಿ ಏರಿಳಿಯುವುದನ್ನು ಅವರೇ ನೋಡಲಿ. ಪ್ರತಿ ಸಲ ಉಸಿರು ಬಿಟ್ಟ ಮೇಲೆ ತುದಿ ಅದೇ ಚುಕ್ಕೆಗೆ ಮರಳಿದರೆ ಸರಿ ಹೋಗುತ್ತಿದೆ ಎಂದರ್ಥ. ಮರಳದಿದ್ದರೆ ಕೈಯಿಂದ ಎಳೆದು ಕೂಡಿಸಬಾರದು, ಮಲಗಿದ ಭಂಗಿಯನ್ನೇ ಬದಲಿಸಬೇಕು. ಇದಕ್ಕೆ ಒಂದು ಗುಂಡೂ ಖರ್ಚಾಗುವುದಿಲ್ಲ. ಹೇಗಿದ್ದರೂ ನನ್ನ ಏಣಿಯ ಕಾಗದ ಇನ್ನೂ ನನ್ನ ಬಳಿಯೇ ಇದೆ. ಬೇಕಾದವರು ಬಂದು ನೋಡಬಹುದು.