ಸ್ಟಾರ್ ರೇಟಿಂಗ್ ಅಳೆಯದ ಕುಶಲತೆ

ಮನೆ ರಿಪೇರಿ ಸೇವೆಯ ಆ್ಯಪ್‌ಗಳಲ್ಲಿ ಎಲೆಕ್ಟ್ರಿಷಿಯನ್‌ ಒಬ್ಬರ ಪ್ರೊಫೈಲ್ ಸಾಮಾನ್ಯವಾಗಿ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ: ಹೆಸರು, ಫೋಟೊ, ಮುಗಿಸಿದ ಕೆಲಸಗಳ ಸಂಖ್ಯೆ, ಐದಕ್ಕೆ ಇಷ್ಟು ಎಂಬ ಸರಾಸರಿ ರೇಟಿಂಗ್. ಕೆಲಸ ಬರುತ್ತದೆಯೇ, ಎಷ್ಟು ಪಳಗಿದ್ದಾರೆ, ನಂಬಬಹುದೇ ಎಂಬ ಮೂರೂ ಪ್ರಶ್ನೆಗಳಿಗೆ ಗ್ರಾಹಕರು ಆ ರೇಟಿಂಗ್‌ನಲ್ಲೇ ಉತ್ತರ ಹುಡುಕುತ್ತಾರೆ. ಆದರೆ ರೇಟಿಂಗ್ ತಿಳಿಸುವುದು ಕೆಲಸ ಮುಗಿದ ಗಳಿಗೆಯಲ್ಲಿ ಗ್ರಾಹಕರಿಗಿದ್ದ ಸಮಾಧಾನವನ್ನು. ವೈರಿಂಗ್ ಸರಿಯಾಗಿದೆಯೋ ಇಲ್ಲವೋ ಗೊತ್ತಾಗಲು ತಿಂಗಳುಗಳೇ ಬೇಕಾಗಬಹುದು.

ಎರಡು ಸ್ನಾನದ ಮನೆಗಳಿರುವ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಎರಡು ಕಡೆಯೂ 3 ಕಿಲೋವ್ಯಾಟ್‌ನ ಗೀಸರ್‌ಗಳಿದ್ದು, ಒಂದೇ ಲೈನ್‌ನಿಂದ, 16 ಆಂಪಿಯರ್‌ನ ಒಂದೇ ಎಂಸಿಬಿಯ ಮೂಲಕ ಕರೆಂಟ್ ಪಡೆಯುತ್ತವೆ. 230 ವೋಲ್ಟ್‌ನಲ್ಲಿ ಒಂದು ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ 26 ಆಂಪಿಯರ್ ಆಗಿ, ಸ್ವಲ್ಪ ಹೊತ್ತಿನಲ್ಲೇ ಎಂಸಿಬಿ ಟ್ರಿಪ್ ಆಗುತ್ತದೆ. ರಿಪೇರಿಗೆ ಬಂದವರು ಅದನ್ನು ತೆಗೆದು 32 ಆಂಪಿಯರ್‌ನದನ್ನು ಕೂರಿಸಿದರೆ ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಟ್ರಿಪ್ ಆಗುವುದೂ ನಿಲ್ಲುತ್ತದೆ, ಐದು ಸ್ಟಾರ್ ಕೂಡ ಸಿಗುತ್ತದೆ. ಆದರೆ ಗೋಡೆಯೊಳಗಿನ 2.5 ಚದರ ಮಿಲಿಮೀಟರ್ ವೈರ್ ಬದಲಾಗಿಲ್ಲ. ಅದರ ಮಿತಿ ಮೀರಿ ಕರೆಂಟ್ ಹರಿದರೂ ಈಗ ತಡೆಯುವವರಿಲ್ಲ. ವೈರ್ ದಿನವೂ ಕಾದು, ಇನ್ಸುಲೇಷನ್ ಸವೆದು, ಕೊನೆಗೆ ಸುಟ್ಟ ವಾಸನೆ ಬಂದಾಗಲೇ ತಪ್ಪು ಬಯಲಾಗುತ್ತದೆ. ಕಸುಬು ಬಲ್ಲವರು ಎರಡನೇ ಗೀಸರ್‌ಗೆ ಬೋರ್ಡ್‌ನಿಂದಲೇ ಪ್ರತ್ಯೇಕ ಲೈನ್ ಎಳೆಯಬೇಕು ಎನ್ನುತ್ತಾರೆ. ಅದಕ್ಕೆ ಅರ್ಧ ದಿನ ಹಿಡಿಯುತ್ತದೆ, ಖರ್ಚೂ ಹೆಚ್ಚು. ಗ್ರಾಹಕರು ಗೊಣಗಿ ಮೂರು ಸ್ಟಾರ್ ಕೊಟ್ಟರೆ ಸರಿಯಾದ ಕೆಲಸ ಮಾಡಿದವರ ರೇಟಿಂಗೇ ಕೆಳಗಿಳಿಯುತ್ತದೆ.

ಆದ್ದರಿಂದ ಕುಶಲತೆಗೆ ಬೇರೆ ಸಾಕ್ಷ್ಯ ಬೇಕು, ಅದು ಲಭ್ಯವೂ ಇದೆ. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು, ಪ್ಲಂಬರ್ ತರಬೇತಿ ಒಂದು ವರ್ಷದ್ದು. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಡಿ ವೈರ್‌ಮನ್ ಪರ್ಮಿಟ್ ಕೊಡಲಾಗುತ್ತದೆ. ಪರ್ಮಿಟ್ ಇದೆಯೇ, ಅದರ ಅವಧಿ ಎಲ್ಲಿಯವರೆಗೆ ಎಂಬುದು ಪ್ರೊಫೈಲ್‌ನ ಮೊದಲ ಸಾಲಿನಲ್ಲೇ ಇರಬೇಕು. ‘ಗುರುತು ಪರಿಶೀಲಿಸಲಾಗಿದೆ’ ಎಂಬ ಗುರುತಿನಿಂದ ಬಂದವರು ಯಾರು ಎಂಬುದು ತಿಳಿಯುತ್ತದೆಯೇ ಹೊರತು ಅವರಿಗೆ ಯಾವ ಕೆಲಸ ಬರುತ್ತದೆ ಎಂಬುದು ತಿಳಿಯುವುದಿಲ್ಲ.

ಅನುಭವವನ್ನೂ ಬಿಡಿಸಿ ಹೇಳಬೇಕಾಗುತ್ತದೆ. ‘800 ಕೆಲಸ ಮುಗಿಸಿದ್ದಾರೆ’ ಎಂಬಲ್ಲಿ 700 ಫ್ಯಾನ್ ಮತ್ತು ಲೈಟ್ ಅಳವಡಿಕೆಗಳಿದ್ದರೆ, ಅರ್ತಿಂಗ್ ದೋಷ ಹುಡುಕುವ ಕೆಲಸಕ್ಕೆ ಆ ಸಂಖ್ಯೆ ಆಧಾರವಾಗದು. ಪ್ಲಂಬರ್ ವಿಷಯದಲ್ಲೂ ಹಾಗೆಯೇ. ನಲ್ಲಿ ಬದಲಿಸುವುದು ಒಂದು ಕೆಲಸ, ಗೋಡೆಯೊಳಗಿನ ಸೋರಿಕೆಯ ಮೂಲ ಪತ್ತೆಹಚ್ಚುವುದು ಬೇರೆಯೇ ಕೆಲಸ. ಯಾವ ಬಗೆಯ ಕೆಲಸ ಎಷ್ಟು ಸಲ ಮಾಡಿದ್ದಾರೆ ಎಂಬ ವಿಂಗಡಣೆ ಬೇಕು. ಬುಕಿಂಗ್ ದಾಖಲೆ ಆ್ಯಪ್‌ಗಳ ಬಳಿಯೇ ಇರುವುದರಿಂದ ಇದು ಕಷ್ಟವೇನಲ್ಲ.

ನಂಬಿಕೆಯ ಅಳತೆಯಲ್ಲಿ ಸರಾಸರಿ ಇನ್ನಷ್ಟು ಎಡವುತ್ತದೆ. ಹತ್ತು ಕೆಲಸಗಳಿಂದ 4.9 ರೇಟಿಂಗ್ ಗಳಿಸಿದ ಹೊಸಬರಿಗೆ ಒಬ್ಬರು ಒಂದು ಸ್ಟಾರ್ ಕೊಟ್ಟರೆ ಅದು 4.55ಕ್ಕೆ ಕುಸಿಯುತ್ತದೆ. 600 ಕೆಲಸಗಳಿಂದ 4.7 ಗಳಿಸಿದವರಿಗೆ ಅದೇ ಒಂದು ಸ್ಟಾರ್ ಬಂದರೆ 4.69 ಆಗುತ್ತದೆ. ಹಾಗಾಗಿ ಕೆಲಸಗಳ ಸಂಖ್ಯೆ ನೋಡದೆ ರೇಟಿಂಗ್‌ಗಳನ್ನು ಹೋಲಿಸುವುದು ಇಬ್ಬರಿಗೂ ಅನ್ಯಾಯ. ಹೇಳಿದ ಹೊತ್ತಿಗೆ ಎಷ್ಟು ಸಲ ಬಂದರು, ಒಪ್ಪಿದ ಕೆಲಸವನ್ನು ಎಷ್ಟು ಸಲ ಬಿಟ್ಟರು, ಅದೇ ದೋಷಕ್ಕೆ ಗ್ರಾಹಕರು ಮತ್ತೆ ಕರೆಯಬೇಕಾಯಿತೇ ಎಂಬ ಮೂರು ಸಂಗತಿಗಳು ಹೆಚ್ಚು ಸತ್ಯ ಹೇಳುತ್ತವೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಿಪಿವಿಸಿ ಪೈಪಿಗೆ ಸಾಮಾನ್ಯ ಪಿವಿಸಿ ಅಂಟು ಹಚ್ಚಿದ ಜೋಡಣೆ ಅಂದು ಸೋರದಿರಬಹುದು, ಬಿಸಿನೀರು ಹರಿದಂತೆ ಬಿಟ್ಟುಕೊಳ್ಳಬಹುದು. ರೇಟಿಂಗ್ ಕೊಟ್ಟು ಮುಗಿದ ಮೇಲೆ ಕಾಣುವ ಇಂಥ ದೋಷವನ್ನು ದಾಖಲಿಸುವುದು ಮರುಕರೆಯ ಲೆಕ್ಕ ಮಾತ್ರ. ಅದಕ್ಕೂ ಮಿತಿಯಿದೆ: ಎಂಸಿಬಿ ಬದಲಿಸಿದಂಥ ತಪ್ಪು ವರ್ಷಗಟ್ಟಲೆ ಮರುಕರೆಯಿಲ್ಲದೆ ಅಡಗಿರಬಹುದು. ಅಲ್ಲಿ ತರಬೇತಿ ಮತ್ತು ಪರ್ಮಿಟ್ಟೇ ಗತಿ.

ಪ್ರೊಫೈಲ್ ಕೆಲಸಗಾರರ ಅನ್ನದ ಪ್ರಶ್ನೆಯೂ ಹೌದು. ರೇಟಿಂಗ್ ಇಳಿದರೆ ಬುಕಿಂಗ್ ಕಡಿಮೆಯಾಗಬಹುದು, ಖಾತೆಯೇ ನಿಲ್ಲಬಹುದು. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ, ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಕೊಡಬೇಕೆನ್ನುತ್ತದೆ. ಕೆಲಸದ ಮೇಲೆ ಪರಿಣಾಮ ಬೀರುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಕಾರ್ಮಿಕರಿಗೆ ಮಾಹಿತಿ ನೀಡಬೇಕೆಂದೂ ಹೇಳುತ್ತದೆ. ಈ ಪಾರದರ್ಶಕತೆ ಪ್ರೊಫೈಲ್‌ನ ಪುಟಕ್ಕೂ ಬರಬೇಕು. ಪರ್ಮಿಟ್, ಕೆಲಸದ ವಿಂಗಡಣೆ, ಮರುಕರೆಯ ಲೆಕ್ಕ ಇವು ಮೂರನ್ನೂ ಬೇರೆ ಬೇರೆಯಾಗಿ ತೋರಿಸುವುದು ಆ್ಯಪ್ ಕಂಪನಿಗಳ ಹೊಣೆ. ಸ್ಟಾರ್ ನೋಡುವ ಮೊದಲು ಪರ್ಮಿಟ್ ಇದೆಯೇ ಎಂದು ಕೇಳುವುದು ಗ್ರಾಹಕರ ಹೊಣೆ.